ಪೋಕರಾಕ ಕೂಡಿಸಲು ಹೇಳಿದ ನಾಲ್ಕು

ಪುತ್ತೂರಿನ ದರ್ಬೆಯಿಂದ ಸ್ವಲ್ಪ ಈಚೆಗೆ ಪೋಕರ್ ಎಂಬ ಹಿರಿಯರ, ನಮಗೆಲ್ಲ ಪೋಕರಾಕನ, ಟಯರ್ ಅಂಗಡಿ ಇತ್ತು. ಬೋರ್ಡಿನಲ್ಲಿ ಬೇರೇನೋ ಹೆಸರು ಬರೆದಿತ್ತು. ಆದರೆ ಪುತ್ತೂರು, ಸುಳ್ಯ, ಕಡಬ ಕಡೆಯ ಬಾಡಿಗೆ ಗಾಡಿಯವರಿಗೆ ಅವರು ‘ಸಾವಿರ ಪೋಕರ್’. ಇದು ಗೊತ್ತಿಲ್ಲದೆ ಹೊಸಬರು ಯಾರಾದರೂ ಬಂದು ಟಯರಿಗೆ ಎಷ್ಟಾಗುತ್ತದೆ ಎಂದು ಕೇಳಿದರೆ ಪೋಕರಾಕ ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಿದ್ದರು.

“ಟಯರಿಗೆ ಎಷ್ಟು ಅಂತ ಕೇಳುದಲ್ಲ ಮಾರಾಯ್ರೆ. ಸಾವಿರಕ್ಕೆ ಎಷ್ಟು ಅಂತ ಕೇಳಿ.”

ಸಾವಿರ ಎಂದರೆ ಸಾವಿರ ಕಿಲೋಮೀಟರು. ಟಯರಿನ ಬೆಲೆಯನ್ನು ಅದು ಓಡುವ ಸಾವಿರಗಳಿಂದ ಭಾಗಿಸಿ ಬಂದದ್ದೇ ಅವರಿಗೆ ಟಯರಿನ ನಿಜವಾದ ಬೆಲೆ. ನಾಲ್ಕು ಸಾವಿರದ ಮುನ್ನೂರೈವತ್ತಕ್ಕೆ ಒಂದು ಟಯರ್ ಸಿಗುತ್ತದೆ ಎಂದು ಖುಷಿಪಡುವವರಿಗೆ ಅವರು ಸೀಮೆಸುಣ್ಣದಲ್ಲಿ ನೆಲದ ಮೇಲೆಯೇ ಬರೆದು ತೋರಿಸುತ್ತಿದ್ದರು. ಅದು ಓಡುವುದು ಇಪ್ಪತ್ತೆಂಟು ಸಾವಿರ, ಸಾವಿರಕ್ಕೆ ಬಿದ್ದದ್ದು ನೂರ ಐವತ್ತೈದು. ಐದು ಸಾವಿರದ ನಾನೂರು ಕೊಟ್ಟರೆ ಸಿಗುವುದು ನಲವತ್ತು ಸಾವಿರ ಓಡುತ್ತದೆ, ಸಾವಿರಕ್ಕೆ ನೂರ ಮೂವತ್ತೈದು. “ಕಡಿಮೆಯದ್ದು ಬೇಕಾದ್ರೆ ಈ ಹೆಚ್ಚಿನದ್ದು ತೆಕ್ಕೊಳ್ಳಿ” ಎಂದು ಹೇಳಿ ತಾವೇ ನಗುತ್ತಿದ್ದರು.

ಎಷ್ಟು ಓಡುತ್ತದೆ ಎಂದು ಅವರಿಗೆ ಹೇಗೆ ಗೊತ್ತು? ಕಂಪನಿಯವರು ಹೇಳುವುದನ್ನು ಅವರು ನಂಬುತ್ತಿರಲಿಲ್ಲ. ಅವರು ನಂಬುತ್ತಿದ್ದುದು ತಮ್ಮ ಗೋಡೆಯನ್ನು. ಟಯರ್ ಹಾಕಿಸಿದ ದಿನ ಗಾಡಿಯ ಮೀಟರು ಎಷ್ಟಿತ್ತೆಂದು ಒಂದು ಸಣ್ಣ ಕಾರ್ಡಿನಲ್ಲಿ ಬರೆದು ಗಿರಾಕಿಯ ಕೈಗೆ ಕೊಡುತ್ತಿದ್ದರು. ಟಯರ್ ಸವೆದು ಕೊನೆಗೆ ಬಂದ ದಿನ ಕಾರ್ಡು ವಾಪಸು ತರಬೇಕು. ಆಗ ಗಿರಾಕಿಯ ಹೆಸರು, ಊರು, ಟಯರಿನ ಸೈಜು, ಓಡಿದ ಕಿಲೋಮೀಟರು, ಸಾವಿರಕ್ಕೆ ಬಿದ್ದ ರೂಪಾಯಿ, ಇಷ್ಟನ್ನೂ ಕೌಂಟರಿನ ಹಿಂದಿನ ನೀಲಿ ಗೋಡೆಯ ಮೇಲೆ ಕಪ್ಪು ಪೈಂಟಿನಲ್ಲಿ ಬರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಬರೆದಿದ್ದರು. ಗೋಡೆಯಲ್ಲಿ ತಮ್ಮ ಹೆಸರು ಬಂದರೆ ಡ್ರೈವರುಗಳಿಗೆ ಪೇಪರಿನಲ್ಲಿ ಬಂದಷ್ಟು ಸಂತೋಷ.

ಇನ್ನು ನನ್ನ ವಿಷಯ. ನಾನು ಇಲ್ಲೇ ಪುತ್ತೂರಿನ ಹತ್ತಿರದ ಸವಣೂರಿನ ಕೃಷ್ಣಮೋಹನ. ಬೊಲೆರೊ ಒಂದನ್ನು ಬಾಡಿಗೆಗೆ ಓಡಿಸುತ್ತೇನೆ. ಏರ್‌ಪೋರ್ಟು, ಆಸ್ಪತ್ರೆ, ಸುಬ್ರಹ್ಮಣ್ಯ, ಮದುವೆ ದಿಬ್ಬಣ, ಯಾವುದೂ ಬೇಡವೆನ್ನುವುದಿಲ್ಲ. ಗಣಿತದಲ್ಲಿ ಬಿ.ಎಸ್ಸಿ. ಮಾಡಿದವನು. ಗಾಡಿ ತೆಗೆದುಕೊಳ್ಳುವ ಮೊದಲು ನಾಲ್ಕು ವರ್ಷ ಟ್ಯೂಷನ್ ಹೇಳಿಕೊಟ್ಟಿದ್ದೆ. ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಸ್ಟ್ಯಾಂಡಿನಲ್ಲಿ ಇಲ್ಲ ಎಂಬ ಅಹಂಕಾರ ನನಗಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಶಂಕರಿ ಹೇಳುತ್ತಾಳೆ. ಇವೆರಡೂ ಒಬ್ಬನಲ್ಲಿಯೇ ಇದ್ದರೆ ಏನಾಗುತ್ತದೆ ಎಂಬುದಕ್ಕೇ ಈ ಕಥೆ.

ಕೊರೋನಾಕ್ಕೆ ಎರಡು ವರ್ಷ ಮೊದಲು ನನ್ನ ಗಾಡಿಯ ನಾಲ್ಕೂ ಟಯರ್ ಬದಲಿಸಬೇಕಾಯಿತು. ಕಂಪನಿಯಿಂದ ಬಂದ ಸೈಜು 215. ಸೆಕೆಂಡ್‌ಹ್ಯಾಂಡ್ ಗಾಡಿ ತೆಗೆದುಕೊಂಡಾಗ ಇವರಲ್ಲೇ ಹಾಕಿಸಿದ್ದು ನಲವತ್ತು ಸಾವಿರ ಓಡಿತ್ತು, ಸಾವಿರಕ್ಕೆ ನೂರ ಮೂವತ್ತೈದು, ಪೋಕರಾಕನ ಲೆಕ್ಕಕ್ಕೆ ಸರಿಯಾಗಿ. ಆದರೆ ನನಗೆ 235ರ ಸೈಜಿನ ಮೇಲೆ ಕಣ್ಣು ಬಿದ್ದಿತ್ತು. ಅಗಲ ಹೆಚ್ಚು, ಎತ್ತರ ಹೆಚ್ಚು, ಗಾಡಿಗೆ ಒಂದು ಗತ್ತು ಬರುತ್ತದೆ. ಬೆಲೆ ಒಂದಕ್ಕೆ ಆರು ಸಾವಿರದ ಏಳುನೂರ ಅರವತ್ತು.

“ಇದು ಎಷ್ಟು ಬೀಳ್ತದೆ ಪೋಕರಾಕ?” ಎಂದು ಕೇಳಿದೆ.

ಅವರು ಅಳತೆಯ ಕಡ್ಡಿಯನ್ನು ಟಯರಿನ ಸಾಲಿನೊಳಗೆ ಇಳಿಸಿ ನೋಡಿದರು. “ನಿಮ್ಮ ಹಳೆ ಟಯರು ಹೊಸತಿರುವಾಗ ಎಂಟು ಮಿಲಿಮೀಟರ್ ಗ್ರಿಪ್ಪು ಇತ್ತು. ಒಂದು ಪಾಯಿಂಟ್ ಆರಕ್ಕೆ ಬಂದಾಗ ತೆಗೀಬೇಕು, ಮತ್ತೆ ಓಡಿಸ್ಲಿಕ್ಕಿಲ್ಲ. ಅಂದ್ರೆ ಸವೆದದ್ದು ಆರು ಪಾಯಿಂಟ್ ನಾಲ್ಕು. ಅಷ್ಟಕ್ಕೆ ನಲವತ್ತು ಸಾವಿರ ಓಡಿದ್ರೆ ಒಂದು ಮಿಲಿಮೀಟರಿಗೆ ಎಷ್ಟಾಯ್ತು?”

“ಆರು ಸಾವಿರದ ಇನ್ನೂರೈವತ್ತು” ಎಂದೆ, ಅವರು ಬಾಯಿ ಮುಚ್ಚುವ ಮೊದಲೇ.

“ಹ್ಞಾಂ, ನೀವು ಲೆಕ್ಕದವರು. ಇದರಲ್ಲಿ ಗ್ರಿಪ್ಪು ಒಂಬತ್ತು ಪಾಯಿಂಟ್ ಒಂಬತ್ತು ಉಂಟು. ಸವೆಯುದಕ್ಕೆ ಸಿಗುದು ಎಂಟು ಪಾಯಿಂಟ್ ಮೂರು. ಐವತ್ತೆರಡು ಸಾವಿರದ ಹತ್ತಿರ ಬರ್ತದೆ.” ಆಮೇಲೆ ಗೋಡೆಯ ಕಡೆ ಕೈ ತೋರಿಸಿದರು. “ಅಲ್ಲಿ ನೋಡಿ. ಸುಳ್ಯದ ಗುರುವಪ್ಪ. ಇದೇ ಸೈಜು, ಐವತ್ತೆರಡು ಸಾವಿರದ ನಾನೂರು. ಅವನದ್ದು ಒಳ್ಳೆ ರಸ್ತೆ, ನಿಮಗೆ ಕಡಬದ ತಿರುವು. ನಾನೂರು ಬಿಟ್ಟುಬಿಡಿ. ಐವತ್ತೆರಡಕ್ಕೆ ಸಾವಿರಕ್ಕೆ ನೂರ ಮೂವತ್ತು.”

ಐದು ರೂಪಾಯಿ ಉಳಿತಾಯ, ಮೇಲಿನಿಂದ ಗತ್ತು. ಹಾಕಿಸಿದೆ.

ಟಯರ್ ಕೂರಿಸಿ, ಗಾಳಿ ನೋಡಿ, ಪೋಕರಾಕ ಕಾರ್ಡು ಬರೆಯುವಾಗ ನನಗೆ ಏರ್‌ಪೋರ್ಟ್ ಪಾರ್ಟಿಯ ಫೋನು ಬಂತು. ದುಬೈಯಿಂದ ಬರುವವರ ಪೆಟ್ಟಿಗೆ ಎಷ್ಟು, ಕ್ಯಾರಿಯರು ಉಂಟೋ ಇಲ್ಲವೋ ಎಂದು ಅವರು ಕೇಳುತ್ತಿದ್ದರು. ಪೋಕರಾಕ ಕಾರ್ಡನ್ನು ಕೈಗೆ ಕೊಟ್ಟು ಏನೋ ಹೇಳಿದರು. ನಾನು ಫೋನನ್ನು ಕಿವಿಯಲ್ಲಿಟ್ಟುಕೊಂಡೇ “ಹ್ಞೂಂ ಹ್ಞೂಂ” ಎಂದು ತಲೆಯಾಡಿಸಿದೆ. ಕಾರ್ಡಿನಲ್ಲಿ ಸೈಜು, ಅದರ ಕೆಳಗೆ ‘+4’, ಅದರ ಕೆಳಗೆ ಮೀಟರು 61,300 ಎಂದಿತ್ತು. ನಾಲ್ಕು ಟಯರ್ ಹಾಕಿದ್ದಕ್ಕೆ ನಾಲ್ಕು ಎಂದು ಬರೆದಿದ್ದಾರೆ ಎಂದುಕೊಂಡು ಆರ್.ಸಿ. ಇಡುವ ಚೀಲದೊಳಗೆ ತುರುಕಿದೆ.

ಗಾಡಿ ಚೆನ್ನಾಗಿಯೇ ಓಡಿತು. ಇಪ್ಪತ್ತು ತಿಂಗಳಾಗುವಾಗ ಟಯರಿನ ಸಾಲಿನ ನಡುವೆ ಇರುವ ಸಣ್ಣ ರಬ್ಬರಿನ ದಿಬ್ಬಕ್ಕೆ ಗ್ರಿಪ್ಪು ಸಮವಾಗಿ ಬಂತು. ಇನ್ನು ತೆಗೆಯಲೇಬೇಕು. ಮೀಟರು ನೋಡಿದರೆ 1,11,200. ಕಳೆದರೆ ನಲವತ್ತೊಂಬತ್ತು ಸಾವಿರದ ಒಂಬೈನೂರು. ಐವತ್ತೆರಡಕ್ಕೆ ಎರಡು ಸಾವಿರ ನೂರು ಕಡಿಮೆ! ಬೆಲೆಯನ್ನು ಭಾಗಿಸಿದೆ. ಸಾವಿರಕ್ಕೆ ನೂರ ಮೂವತ್ತೈದೂವರೆ. ಹಳೆಯ ಸಣ್ಣ ಟಯರಿಗಿಂತಲೂ ಅರ್ಧ ರೂಪಾಯಿ ಹೆಚ್ಚು. ನನಗೆ ಮೈಯೆಲ್ಲ ಉರಿಯಿತು. ಬಿ.ಎಸ್ಸಿ. ಮಾಡಿದವನನ್ನು ಟಯರಿನವರು ಲೆಕ್ಕದಲ್ಲಿ ಮಂಗ ಮಾಡಿದರಲ್ಲ ಎಂದೇ ಉರಿದದ್ದು. ದುಡ್ಡು ಆಮೇಲಿನ ಮಾತು.

ಅಂಗಡಿಗೆ ಹೋದಾಗ ಅಲ್ಲಿ ಆರೇಳು ಡ್ರೈವರುಗಳಿದ್ದರು. ಅವರಿಲ್ಲದ ಹೊತ್ತಿನಲ್ಲಿ ಹೋಗಬಹುದಿತ್ತು. ಹೋಗಲಿಲ್ಲ.

“ಸಾವಿರಕ್ಕೆ ನೂರ ಮೂವತ್ತು ಅಂತ ಹೇಳಿ ಹಾಕಿದ್ರಿ. ನೂರ ಮೂವತ್ತೈದೂವರೆ ಬಿದ್ದಿದೆ. ಓಡಿದ್ದು ಐವತ್ತು ಸಾವಿರವೂ ಇಲ್ಲ” ಎಂದು ಕೌಂಟರಿಗೆ ಕೈ ಬಡಿದು ಹೇಳಿದೆ.

ಪೋಕರಾಕ ಎದ್ದು ಬಂದು ಟಯರನ್ನು ಮುಟ್ಟಿ ನೋಡಿದರು. ಸವೆತ ಎಲ್ಲ ಕಡೆ ಒಂದೇ ರೀತಿ ಇತ್ತು; ಗಾಳಿಯದ್ದಾಗಲಿ, ಅಲೈನ್‌ಮೆಂಟಿನದ್ದಾಗಲಿ ತಪ್ಪಿಲ್ಲ. ಅವರಿಗೆ ಗೊಂದಲವಾದದ್ದು ಮುಖದಲ್ಲಿ ಕಾಣುತ್ತಿತ್ತು. ಮೆಲ್ಲಗೆ ಕೇಳಿದರು:

“ಕೂಡಿಸಿದ್ದೀರಲ್ಲ ಮೋಹನಣ್ಣ?”

“ನನಗೆ ಕೂಡಿಸ್ಲಿಕ್ಕೆ ಬರುದಿಲ್ಲ ಅಂತ ಗ್ರಹಿಸಿದ್ರಾ?” ಎಂದು ನಾನು ಕೂಗಿದೆ. “ಕೂಡಿಸಿ, ಕಳೆದು, ಭಾಗಿಸಿ ಎಲ್ಲ ಆಗಿದೆ. ನನಗೆ ಕಲಿಸ್ಲಿಕ್ಕೆ ಬರ್ಬೇಡಿ.”

ಅವರು “ಹಾಗಾದ್ರೆ ನಂದೇ ತಪ್ಪಿರ್ಬಹುದು” ಎಂದಷ್ಟೇ ಹೇಳಿದರು. ನನಗೆ ಅದೂ ಸಾಲಲಿಲ್ಲ. ಆ ದಿನವೇ ಮೂರು ತಾಲೂಕಿನ ಬಾಡಿಗೆ ಗಾಡಿಯವರ ವಾಟ್ಸಾಪ್ ಗುಂಪಿನಲ್ಲಿ ನನ್ನ ಲೆಕ್ಕವನ್ನು ಸಾಲುಸಾಲಾಗಿ ಹಾಕಿ, ಕೆಳಗೆ ‘ಸಾವಿರ ಪೋಕರಿನ ಸಾವಿರ ಸುಳ್ಳು’ ಎಂದು ಬರೆದೆ. ನಗುವ ಮುಖಗಳು ಎಷ್ಟು ಬಂದವೆಂದರೆ, ಅದನ್ನು ಊಟ ಮಾಡುವಾಗಲೂ ನೋಡುತ್ತಿದ್ದೆ. ಶಂಕರಿ ಓದಿ, “ಅಷ್ಟು ಪ್ರಾಯದವರಿಗೆ ಹೀಗೆ ಬರೀಲಿಕ್ಕುಂಟಾ?” ಎಂದಳು. ಲೆಕ್ಕ ಗೊತ್ತಿಲ್ಲದವರು ಸುಮ್ಮನಿರಬೇಕು ಎಂದೆ.

ಅಂದಿನಿಂದ ಆ ಅಂಗಡಿಯ ಮೆಟ್ಟಲು ಹತ್ತಲಿಲ್ಲ. ಆದರೆ 235ರ ಗತ್ತು ಬಿಡಲು ಮನಸ್ಸಿರಲಿಲ್ಲ. ಬೇರೆ ಕಡೆ ಅದೇ ಸೈಜು ಹಾಕಿಸುತ್ತ ಬಂದೆ. ಕೊರೋನಾ ಬಂತು, ಹೋಯಿತು. ಒಮ್ಮೆ ದರ್ಬೆಯಲ್ಲಿ ಹಾದುಹೋಗುವಾಗ ನೋಡಿದರೆ ಪೋಕರಾಕನ ಗೋಡೆಗೆ ಬಿಳಿ ಬಣ್ಣ ಬಳಿದಿತ್ತು. ಒಂದು ಹೆಸರೂ ಇರಲಿಲ್ಲ. ‘ಸಿಕ್ಕಿಬಿದ್ದರಲ್ಲ’ ಎಂದು ಒಳಗೊಳಗೇ ಹಿಗ್ಗಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಅದಾಗಿ ಒಂದು ವರ್ಷಕ್ಕೆ ಅಂಗಡಿಯೂ ಮುಚ್ಚಿತು. ಅಲ್ಲಿ ಮೊಬೈಲ್ ಅಂಗಡಿ ಬಂತು.

ಕಳೆದ ವರ್ಷ ಟಯರ್ ಬದಲಿಸುವಾಗ 235 ಸ್ಟಾಕ್ ಇರಲಿಲ್ಲ. ಮರುದಿನ ಮದುವೆಯ ಬಾಡಿಗೆ, ಕಾಯಲು ಸಮಯವಿಲ್ಲ. ಕಂಪನಿ ಸೈಜೇ ಇರಲಿ ಎಂದು 215 ಹಾಕಿಸಿಕೊಂಡು ಬಂದೆ.

ನಮ್ಮ ಊರಿನ ತ್ಯಾಂಪಣ್ಣನವರು ನಿವೃತ್ತ ಪೋಸ್ಟ್‌ಮ್ಯಾನ್. ಹೆಂಡತಿ ಶೀಲಾವತಿಯವರನ್ನು ತಿಂಗಳಿಗೆ ಎರಡು ಸಲ ಮಂಗಳೂರಿನ ಆಸ್ಪತ್ರೆಗೆ ನನ್ನ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತಿದ್ದರು. ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ. ಅವರು ಕಿಸೆಯ ಡೈರಿಯಲ್ಲಿ ಪ್ರತಿ ಸಲದ ಮೀಟರು ಬರೆದುಕೊಳ್ಳುವವರು. ಎರಡು ವರ್ಷದಿಂದ ಹೋಗಿ ಬರಲು ನೂರ ಮೂವತ್ತು, ಹೆಚ್ಚೆಂದರೆ ನೂರ ಮೂವತ್ತೊಂದು. ಟಯರ್ ಬದಲಿಸಿದ ಮೇಲೆ ಮೊದಲ ಸಲ ನೂರ ಮೂವತ್ತಾರು ಬಂತು. ಅವರು ಡೈರಿಯಲ್ಲಿ ಬರೆದುಕೊಂಡು ದುಡ್ಡು ಕೊಟ್ಟರು. ಎರಡನೆಯ ಸಲವೂ ನೂರ ಮೂವತ್ತಾರು. ಮೂರನೆಯ ಸಲ ಮನೆಯಂಗಳದಲ್ಲಿ ಇಳಿದವರು ಡೈರಿ ತೆಗೆದು ನನ್ನ ಮುಂದೆ ಹಿಡಿದರು.

“ರಸ್ತೆ ಉದ್ದ ಆಗ್ಲಿಲ್ಲ, ಆಸ್ಪತ್ರೆ ಆಚೆ ಹೋಗ್ಲಿಲ್ಲ. ಮೀಟರಿಗೆ ಎಂತ ಮಾಡಿದ್ದೀರಿ ಮೋಹನಣ್ಣ? ನೀವು ಹೀಗೆ ಮಾಡ್ತೀರಿ ಅಂತ ನಾನು ಗ್ರಹಿಸಿರ್ಲಿಲ್ಲ.”

ಮೀಟರಿಗೆ ನಾನು ಕೈ ಹಾಕಿರಲಿಲ್ಲ. ದೇವರಾಣೆ ಎಂದೆ. ಅವರು ದುಡ್ಡು ಎಣಿಸಿ ಕೊಟ್ಟು ಒಳಗೆ ಹೋದರು. ಶೀಲಾವತಿಯವರು ನನ್ನ ಮುಖವನ್ನೂ ನೋಡಲಿಲ್ಲ. ಮಾಡದ ಮೋಸಕ್ಕೆ ಮೋಸಗಾರ ಎನಿಸಿಕೊಳ್ಳುವುದು ಎಷ್ಟು ಕಷ್ಟ! ಆ ದಿನ ನನಗೆ ಅದು ಗೊತ್ತಾಯಿತು.

ಮೀಟರು ಹಾಳಾಗಿದೆಯೋ ಎಂದು ನೋಡೋಣ, ಗ್ಯಾರೇಜಿಗೆ ಹೋಗುವ ಮೊದಲು ಕಾಗದಪತ್ರ ತೆಗೆದಿಟ್ಟುಕೊಳ್ಳೋಣ ಎಂದು ಆರ್.ಸಿ.ಯ ಚೀಲ ಬಿಚ್ಚಿದೆ. ಹಳೆಯ ಕಾರ್ಡು ಕಾಲ ಬುಡಕ್ಕೆ ಬಿತ್ತು. ಸೈಜು 235. ‘+4’. ಮೀಟರು 61,300.

ನಾಲ್ಕು ಟಯರಿಗೆ ನಾಲ್ಕು ಎಂದು ಬರೆಯುವುದಾದರೆ ಅದರ ಹಿಂದೆ ಕೂಡಿಸುವ ಗುರುತು ಯಾಕೆ? ಈ ಪ್ರಶ್ನೆ ನನಗೆ ಅಷ್ಟು ವರ್ಷದಲ್ಲಿ ಮೊದಲ ಸಲ ಬಂತು.

ಸ್ಟೆಪ್ನಿ ಇನ್ನೂ ಹಳೆಯ ದೊಡ್ಡ ಸೈಜಿನದೇ ಇತ್ತು, ಹೆಚ್ಚು ಓಡದ್ದು. ಅದನ್ನು ಇಳಿಸಿ ಸುಣ್ಣದಲ್ಲಿ ಒಂದು ಗೆರೆ ಹಾಕಿ ಅಂಗಳದಲ್ಲಿ ಒಂದು ಸುತ್ತು ಉರುಳಿಸಿದೆ. ಎರಡು ಮೀಟರ್ ಮೂವತ್ತು ಸೆಂಟಿಮೀಟರ್. ಮುಂದಿನ ಹೊಸ ಟಯರನ್ನು ಬಿಚ್ಚಿ ಉರುಳಿಸಿದೆ. ಎರಡು ಮೀಟರ್ ಇಪ್ಪತ್ತೊಂದು. ಗಾಡಿಯ ಮೀಟರು ಎಣಿಸುವುದು ಚಕ್ರ ಎಷ್ಟು ಸುತ್ತು ಸುತ್ತಿತು ಎಂದು ಮಾತ್ರ. ಒಂದು ಸುತ್ತಿಗೆ ಎಷ್ಟು ದೂರ ಎಂಬ ಲೆಕ್ಕವನ್ನು ಕಂಪನಿಯವರು 215ಕ್ಕೆ ಹೊಂದಿಸಿಟ್ಟಿದ್ದಾರೆ. ದೊಡ್ಡ ಟಯರು ಒಂದೇ ಸುತ್ತಿನಲ್ಲಿ ಒಂಬತ್ತು ಸೆಂಟಿಮೀಟರ್ ಹೆಚ್ಚು ಹೋಗುತ್ತದೆ, ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಮೀಟರು ನೂರು ತೋರಿಸಿದರೆ ಗಾಡಿ ಓಡಿದ್ದು ನೂರ ನಾಲ್ಕು. ತ್ಯಾಂಪಣ್ಣನವರ ಡೈರಿಯ ನೂರ ಮೂವತ್ತಾರೇ ಸರಿ, ಹಿಂದಿನ ನೂರ ಮೂವತ್ತು ತಪ್ಪು. ನಲವತ್ತೊಂಬತ್ತು ಸಾವಿರದ ಒಂಬೈನೂರಕ್ಕೆ ನೂರಕ್ಕೆ ನಾಲ್ಕರಂತೆ ಕೂಡಿಸಿದೆ. ಐವತ್ತೊಂದು ಸಾವಿರದ ಎಂಟುನೂರ ತೊಂಬತ್ತಾರು. ಭಾಗಿಸಿದೆ. ನೂರ ಮೂವತ್ತು ರೂಪಾಯಿ ಇಪ್ಪತ್ತಾರು ಪೈಸೆ.

ಅಂಗಳದಲ್ಲಿ ಹಾಗೆಯೇ ಕುಳಿತೆ. “ಕೂಡಿಸಿದ್ದೀರಲ್ಲ ಮೋಹನಣ್ಣ?” ಕಿಲೋಮೀಟರ್ ಲೆಕ್ಕ ಕಳೆಯುವ ಲೆಕ್ಕ. ಕೂಡಿಸುವ ಮಾತು ಎಲ್ಲಿಂದ ಬಂತು ಎಂದು ಟ್ಯೂಷನ್ನಿನ ಐದನೇ ಕ್ಲಾಸಿನ ಮಕ್ಕಳೂ ಕೇಳುತ್ತಿದ್ದರು. ನಾನು ಕೇಳಲಿಲ್ಲ. ಐದು ರೂಪಾಯಿಯ ವ್ಯತ್ಯಾಸ, ನಾಲ್ಕು ಟಯರಿಗೆ, ಅಷ್ಟೂ ಸಾವಿರಕ್ಕೆ ಸೇರಿಸಿದರೂ ಒಟ್ಟು ಸಾವಿರ ರೂಪಾಯಿ ಚಿಲ್ಲರೆ. ಅಷ್ಟಕ್ಕೆ ಒಬ್ಬ ಮನುಷ್ಯನನ್ನು ಮೂರು ತಾಲೂಕಿನ ಮುಂದೆ ಸುಳ್ಳುಗಾರ ಮಾಡಿದ್ದೆ. ಅದೂ ಬರೀ ಸುಳ್ಳು ಲೆಕ್ಕದಿಂದ.

ತ್ಯಾಂಪಣ್ಣನವರ ಅಂಗಳದಲ್ಲಿ ಎರಡೂ ಟಯರ್ ಉರುಳಿಸಿ ತೋರಿಸಿದೆ. ಹದಿನೈದು ನಿಮಿಷದಲ್ಲಿ ಅವರಿಗೆ ಅರ್ಥವಾಯಿತು, ಚಹಾ ಕೊಟ್ಟು ಕಳಿಸಿದರು. ಆ ಹದಿನೈದು ನಿಮಿಷವನ್ನು ನಾನು ಪೋಕರಾಕನಿಗೆ ಕೊಟ್ಟಿರಲಿಲ್ಲ.

ಪೋಕರಾಕ ಈಗ ರಾಮಕುಂಜದಲ್ಲಿ ಮಗಳು ಜುವೈರಿಯಾಳ ಮನೆಯಲ್ಲಿದ್ದಾರೆ ಎಂದು ಗೊತ್ತಾಯಿತು. ಹೋದೆ. ಜಗಲಿಯಲ್ಲಿ ಕುಳಿತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ಕಂಡವರೇ, “ಯಾರು, ಮೋಹನಣ್ಣನಾ? ಬನ್ನಿ ಬನ್ನಿ. ಮೋಳೇ, ಚಾಯ ಮಾಡು” ಎಂದು ಒಳಗೆ ಕರೆದು ಹೇಳಿದರು. ಬೈಯುತ್ತಾರೆ ಎಂದು ಸಿದ್ಧವಾಗಿ ಹೋದವನಿಗೆ ಇದು ಬೈಗುಳಕ್ಕಿಂತ ಕಷ್ಟವಾಯಿತು.

ಕಾರ್ಡನ್ನು ಅವರ ಕೈಗೆ ಕೊಟ್ಟೆ. “ಈ ನಾಲ್ಕನ್ನು ನಾನು ಕೂಡಿಸಿರ್ಲಿಲ್ಲ ಪೋಕರಾಕ.”

ಅವರು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಕೂಡಿಸಿರ್ಲಿಲ್ವಾ?” ಎಂದರು. “ಆವತ್ತು ಬಾಯಲ್ಲಿಯೂ ಹೇಳಿದ್ದೆ. ನೂರಕ್ಕೆ ನಾಲ್ಕು ಕೂಡಿಸ್ಲಿಕ್ಕೆ ಮರೀಬೇಡಿ ಅಂತ. ನೀವು ಹ್ಞೂಂ ಅಂದಿರಿ.”

“ಫೋನಿನಲ್ಲಿದ್ದೆ. ಕೇಳ್ಲಿಲ್ಲ.”

“ಮತ್ತೆ ಕೇಳಿದಾಗ ಕೂಡಿಸಿ ಆಗಿದೆ ಅಂದಿರಿ. ನೀವು ಲೆಕ್ಕ ಕಲಿಸ್ತಾ ಇದ್ದವರು. ನಿಮ್ಮ ಲೆಕ್ಕ ತಪ್ಪುದಿಲ್ಲ ಅಂತ ಗ್ರಹಿಸಿದೆ ನಾನು.”

ಅವರು ನನ್ನನ್ನು ನಂಬಿದ್ದರು. ನಾನು ಅವರನ್ನು ಸುಳ್ಳುಗಾರ ಎಂದು ಬರೆಯುತ್ತಿದ್ದ ಹೊತ್ತಿನಲ್ಲಿ ಅವರು ಮನೆಯಲ್ಲಿ ಕುಳಿತು, ಕೂಡಿಸಿಯೂ ಐವತ್ತು ಸಾವಿರ ಆಗದಿದ್ದರೆ ತಮ್ಮ ಗೋಡೆಯಲ್ಲಿಯೇ ಏನೋ ತಪ್ಪಿದೆ ಎಂದು ಯೋಚಿಸುತ್ತಿದ್ದರಂತೆ. ಗುರುವಪ್ಪ ಎರಡು ಸಲ ಕೂಡಿಸಿದ್ದನೋ? ಉಳಿದವರು ಹೇಳಿದ್ದೆಲ್ಲ ಸರಿಯೋ? ಯಾವುದನ್ನು ನಂಬುವುದು? ಒಂದು ತಿಂಗಳು ನಿದ್ದೆ ಬರಲಿಲ್ಲ ಎಂದರು. ಮತ್ತೆ ಒಂದು ದಿನ ತಾವೇ ಬ್ರಷ್ ಹಿಡಿದು ಬಿಳಿ ಬಣ್ಣ ಬಳಿದರಂತೆ. “ಸುಳ್ಳನ್ನು ಗೋಡೆಯಲ್ಲಿ ಇಟ್ಕೊಂಡು ವ್ಯಾಪಾರ ಮಾಡ್ಲಿಕ್ಕಾಗ್ತದಾ?”

ತಪ್ಪಾಯಿತು ಎಂದು ಅವರ ಕೈ ಹಿಡಿದುಕೊಂಡೆ. ಗುಂಪಿನಲ್ಲಿ ಇವತ್ತೇ ಬರೆಯುತ್ತೇನೆ, ಎಲ್ಲರಿಗೂ ಹೇಳುತ್ತೇನೆ ಎಂದೆ.

“ಅಂಗಡಿ ಮುಚ್ಚಿದ್ದು ನಿಮ್ಮಿಂದ ಅಲ್ಲ ಮಾರಾಯ್ರೆ, ದೊಡ್ಡ ದೊಡ್ಡ ಶೋರೂಮು ಬಂದ ಮೇಲೆ ಹೇಗೂ ಮುಚ್ತಿತ್ತು. ಬೇಜಾರು ಮಾಡ್ಬೇಡಿ” ಎಂದು ಅವರು ನನ್ನ ಕೈ ತಟ್ಟಿದರು. ಆಮೇಲೆ ಜುವೈರಿಯಾಳಿಂದ ಪೆನ್ನು ತರಿಸಿ ಕಾರ್ಡಿನ ಹಿಂಬದಿಯಲ್ಲಿ ತಾವೇ ಲೆಕ್ಕ ಮಾಡಿದರು. ನೂರ ಮೂವತ್ತು ಬಂದಾಗ ಮುಖ ಅರಳಿತು. “ಸರಿ ಬಂತಲ್ಲ! ನಾನು ಹೇಳಿದ್ದೇ ಬಂತು.”

ಅಷ್ಟರಲ್ಲಿಯೇ ಆ ಮುಖ ಇಳಿಯಿತು. “ಹಾಗಾದ್ರೆ ಗುರುವಪ್ಪನದ್ದೂ ಸರಿ ಇತ್ತು. ಎಲ್ಲರದ್ದೂ ಸರಿ ಇತ್ತು.” ಬೆರಳು ಮಡಚಿ ಹೆಸರು ಹೇಳತೊಡಗಿದರು. ಗುರುವಪ್ಪ, ಸುಳ್ಯ, ಐವತ್ತೆರಡು ನಾನೂರು. ಅಲಂಕಾರು ಊರಿನ ಒಬ್ಬರು, ನಲವತ್ತೊಂದು ಇನ್ನೂರು. ಈಶ್ವರಮಂಗಲದ ರಿಯಾಝ್, ಮೂವತ್ತೆಂಟು... ಮೂವತ್ತೆಂಟೋ ಮೂವತ್ತಾರೋ? ಅಲ್ಲಿಗೆ ನಿಂತಿತು. ಇನ್ನೊಮ್ಮೆ ಮೊದಲಿನಿಂದ ಹೇಳಿದರು. ಮತ್ತೆ ರಿಯಾಝ್‌ನ ಹತ್ತಿರವೇ ನಿಂತಿತು.

ಹೊರಡುವಾಗ ಕಾರ್ಡನ್ನು ನನಗೇ ವಾಪಸು ಕೊಟ್ಟರು. “ನೀವೇ ಇಟ್ಕೊಳ್ಳಿ. ಕಾರ್ಡು ವಾಪಸು ತಂದವರ ಹೆಸರು ನಾನು ಬರೀಬೇಕು. ಎಲ್ಲಿ ಬರೆಯುದು ಈಗ?”

ಆ ದಿನ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ನನ್ನ ತಪ್ಪು, ನಾಲ್ಕು, ನೂರ ಮೂವತ್ತು, ಎಲ್ಲ. ಹೆಚ್ಚಿನವರಿಗೆ ಪೋಕರಾಕ ಯಾರೆಂದೇ ನೆನಪಿರಲಿಲ್ಲ. ಹೊಸಬನೊಬ್ಬ, ಸಾವಿರ ಪೋಕರ್ ಅಂದರೆ ಯಾರು, ಟಯರಿಗೆ ಎಷ್ಟು ಹೇಳ್ತಾರೆ ಎಂದು ಕೇಳಿದ. ‘ಟಯರಿಗೆ ಎಷ್ಟು ಅಂತ ಕೇಳುದಲ್ಲ’ ಎಂದು ಬರೆದು ಅಳಿಸಿದೆ. ಅವರು ಈಗ ಅಂಗಡಿಯಲ್ಲಿಲ್ಲ ಎಂದಷ್ಟೇ ಬರೆದೆ.